ಅವಸರದ ಪ್ರಯಾಣಿಕರಿಗೆ: ನಿಲ್ದಾಣದ ಮಾಹಿತಿ ಕಿಯೋಸ್ಕ್‌ನ ಸ್ಕ್ರಿಪ್ಟ್

ಸ್ಥಳ: ರೈಲು ನಿಲ್ದಾಣದ ಮುಖ್ಯ ದ್ವಾರದ ಒಳಗೆ, ಎಡಗಡೆ. ಒಟ್ಟು ಎಂಟು ಪ್ಲಾಟ್‌ಫಾರ್ಮ್. ಧ್ವನಿ ಕೊಡುವವರು ಮೊದಲು ಪೂರ್ತಿ ಓದಿಕೊಂಡು ಆಮೇಲೆ ಮೈಕ್ ಮುಂದೆ ಕೂರಬೇಕು.

ಯಾರಾದರೂ ನಾಲ್ಕು ಮೀಟರ್ ಹತ್ತಿರ ಬಂದಾಗ

ಧ್ವನಿ: ನಮಸ್ಕಾರ. ಟಿಕೆಟ್ ತೋರಿಸಿ, ಪ್ಲಾಟ್‌ಫಾರ್ಮ್ ಹೇಳ್ತೀವಿ.

ಪರದೆ: ಟಿಕೆಟ್ ತೋರಿಸಿ. ಪ್ಲಾಟ್‌ಫಾರ್ಮ್ ತಿಳಿಯಿರಿ.

ಇಷ್ಟೇ. ಮಾಮೂಲಿ ನಡಿಗೆಯಲ್ಲಿ ಮನುಷ್ಯ ಸೆಕೆಂಡಿಗೆ ಸುಮಾರು 1.3 ಮೀಟರ್ ಸಾಗುತ್ತಾನೆ, ಅಂದರೆ ನಮ್ಮನ್ನು ದಾಟಿಹೋಗಲು ಮೂರು ಸೆಕೆಂಡು ಸಾಕು. ಸ್ವಾಗತ ಅದರೊಳಗೆ ಮುಗಿಯಬೇಕು. ನಿಲ್ದಾಣದ ಹೆಸರು, ‘ಶುಭ ಪ್ರಯಾಣ’, ಕಾಯುವ ಕೊಠಡಿಯ ವಿವರ ಎಲ್ಲವನ್ನೂ ಸೇರಿಸಿ ಎಂದು ಒತ್ತಾಯ ಬಂದಿತ್ತು, ಬೇಕೆಂದೇ ಬಿಟ್ಟಿದ್ದೇನೆ. ಗಾಡಿ ಹಿಡಿಯಲು ಹೊರಟವರಿಗೆ ಬೇಕಿರುವುದು ಒಂದು ಸಂಖ್ಯೆ. ಓದುವವರೂ ಅವಸರಪಡಬೇಡಿ. ಮಾತು ಚಿಕ್ಕದಿರಲಿ, ಓಟ ಬೇಡ.

ನಿಂತರು, ಆದರೆ ಟಿಕೆಟ್ ತೋರಿಸಲಿಲ್ಲ

ಧ್ವನಿ: ಫೋನಿನಲ್ಲಿರೋ ಟಿಕೆಟ್ ಆದರೂ ಸರಿ. ಕ್ಯೂಆರ್ ಕೋಡನ್ನು ಗಾಜಿಗೆ ಹಿಡಿಯಿರಿ.

‘ನೇರವಾಗಿ ಹಿಡಿಯಿರಿ’ ಎನ್ನುವುದು ಬೇಡ. ಕೋಡಿನ ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳಿಂದ ಯಂತ್ರಕ್ಕೆ ದಿಕ್ಕು ಗೊತ್ತಾಗುತ್ತದೆ, ತಲೆಕೆಳಗಾಗಿದ್ದರೂ ಓದುತ್ತದೆ. ಸುಮ್ಮನೆ ಫೋನ್ ತಿರುಗಿಸುತ್ತಾ ನಿಲ್ಲುವಂತೆ ಮಾಡಬಾರದು.

ಆಗಲೂ ತೋರಿಸದಿದ್ದರೆ ಧ್ವನಿ ಸುಮ್ಮನಾಗುತ್ತದೆ. ನಿಂತವರಿಗೇ ಮತ್ತೆ ಮತ್ತೆ ನಮಸ್ಕಾರ ಹೇಳುವುದಿಲ್ಲ.

ಟಿಕೆಟ್ ಓದಿತು, ಸಮಯ ಸಾಕಷ್ಟಿದೆ

ಧ್ವನಿ: ಪ್ಲಾಟ್‌ಫಾರ್ಮ್ ನಾಲ್ಕು. ಎಡಕ್ಕೆ ತಿರುಗಿ ಮೇಲ್ಸೇತುವೆ ಹತ್ತಿ. ಐದು ನಿಮಿಷದ ನಡಿಗೆ. ಗಾಡಿ ಹೊರಡೋಕೆ ಇನ್ನೂ ಹನ್ನೆರಡು ನಿಮಿಷ ಇದೆ.

ಪರದೆ: 4 ← ಮೇಲ್ಸೇತುವೆ. ಲಿಫ್ಟ್ ಬೇಕಿದ್ದರೆ ಇಲ್ಲಿ ಮುಟ್ಟಿ.

ಸಂಖ್ಯೆಯೇ ಮೊದಲು, ಯಾಕೆಂದರೆ ಅದು ಕಿವಿಗೆ ಬಿದ್ದ ಕೂಡಲೇ ಎಷ್ಟೋ ಜನ ಹೊರಟುಬಿಡುತ್ತಾರೆ; ಉಳಿದದ್ದು ಬೆನ್ನಿಗೆ ಕೇಳಿಸಿದರೂ ನಷ್ಟವಿಲ್ಲ. ಪ್ರಯಾಣಿಕರ ಹೆಸರು, ಸೀಟು, ಇಳಿಯುವ ಊರು ಟಿಕೆಟ್‌ನಲ್ಲಿದ್ದರೂ ಗಟ್ಟಿಯಾಗಿ ಓದುವಂತಿಲ್ಲ, ಪರದೆಯಲ್ಲೂ ಬರುವಂತಿಲ್ಲ. ಹಿಂದೆ ನಿಂತವರಿಗೆ ಅದೆಲ್ಲ ಯಾಕೆ?

ಒಂದರಿಂದ ಎಂಟರವರೆಗಿನ ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಧ್ವನಿಮುದ್ರಿಸಿ. ‘ಏಳು’, ‘ಎಂಟು’ ಗದ್ದಲದಲ್ಲಿ ಕಲಸಿಹೋಗಬಹುದು, ಅವೆರಡನ್ನೂ ಬಿಡಿಸಿ ಹೇಳಿ.

ಲಿಫ್ಟ್ ಗುಂಡಿ ಮುಟ್ಟಿದರೆ: ಲಿಫ್ಟ್ ನಿಮ್ಮ ಬಲಗಡೆ, ಕುಡಿಯೋ ನೀರಿನ ನಲ್ಲಿ ಪಕ್ಕ. ಒಟ್ಟು ಎಂಟು ನಿಮಿಷ ಬೇಕು.

ಸಮಯ ಸಾಲದು

ಧ್ವನಿ: ಪ್ಲಾಟ್‌ಫಾರ್ಮ್ ನಾಲ್ಕು. ಐದು ನಿಮಿಷದ ದಾರಿ, ಗಾಡಿ ಹೊರಡೋಕೆ ಇರೋದು ಎರಡೇ ನಿಮಿಷ. ಮೆಟ್ಟಿಲ ಮೇಲೆ ಹುಷಾರು. ಗಾಡಿ ತಪ್ಪಿದರೆ ಬಲಗಡೆಯ ವಿಚಾರಣೆ ಕೌಂಟರಿಗೆ ಬನ್ನಿ.

‘ಬೇಗ ಓಡಿ’ ಅನ್ನಬಾರದು, ‘ಸಿಕ್ಕೇ ಸಿಗುತ್ತೆ’ ಅಂತಲೂ ಅನ್ನಬಾರದು. ಲೆಕ್ಕ ಹೇಳಿಬಿಟ್ಟರೆ ಹೋಗುವುದು ಬಿಡುವುದು ಅವರಿಗೇ ಸೇರಿದ್ದು. ಈ ತುಣುಕಿನಲ್ಲಿ ದನಿ ಏರಬಾರದು, ಅಯ್ಯೋ ಪಾಪ ಅನ್ನುವ ಧಾಟಿಯಂತೂ ಬೇಡವೇ ಬೇಡ.

ಗಾಡಿ ಹೋಗಿಬಿಟ್ಟಿದ್ದರೆ

ಧ್ವನಿ: ಈ ಗಾಡಿ ಹೊರಟುಹೋಗಿದೆ. ಮುಂದಿನ ಗಾಡಿ ವಿಚಾರಿಸೋಕೆ ಬಲಗಡೆಯ ಕೌಂಟರಿಗೆ ಬನ್ನಿ.

ಪ್ಲಾಟ್‌ಫಾರ್ಮ್ ಇನ್ನೂ ನಿಗದಿಯಾಗಿಲ್ಲದಿದ್ದರೆ

ಧ್ವನಿ: ನಿಮ್ಮ ಗಾಡಿಗೆ ಪ್ಲಾಟ್‌ಫಾರ್ಮ್ ಇನ್ನೂ ಕೊಟ್ಟಿಲ್ಲ. ಎದುರಿನ ದೊಡ್ಡ ಬೋರ್ಡಿನಲ್ಲಿ ಬರುತ್ತೆ, ಅಲ್ಲೇ ಹತ್ತಿರ ಇರಿ.

ರೂಢಿಯ ಪ್ಲಾಟ್‌ಫಾರ್ಮ್ ಯಾವುದೆಂದು ನಮಗೆ ಗೊತ್ತಿದ್ದರೂ ಊಹಿಸಿ ಹೇಳುವುದಿಲ್ಲ. ಜನ ಸಾಮಾನು ಹೊತ್ತು ಮೇಲ್ಸೇತುವೆ ದಾಟಿದ ಮೇಲೆ ಅದು ಬದಲಾದರೆ ಬೈಗುಳ ನ್ಯಾಯವಾಗಿಯೇ ನಮಗೆ ಬರುತ್ತದೆ.

ಟಿಕೆಟ್ ಓದಲಾಗಲಿಲ್ಲ

ಧ್ವನಿ: ಓದೋಕೆ ಆಗಲಿಲ್ಲ. ಫೋನಿನ ಬೆಳಕು ಜಾಸ್ತಿ ಮಾಡಿ ಇನ್ನೊಮ್ಮೆ ತೋರಿಸಿ.

ಎರಡನೇ ಸಲವೂ ಆಗದಿದ್ದರೆ: ಗಾಡಿ ಸಂಖ್ಯೆ ಒತ್ತಿ, ಸಾಕು.

ಪರದೆಯಲ್ಲಿ ಆಗ ಅಂಕಿಗಳ ಗುಂಡಿಗಳು ಮಾತ್ರ ಕಾಣಬೇಕು. ‘ನಿಮ್ಮ ಟಿಕೆಟ್ ಸರಿಯಿಲ್ಲ’ ಎಂಬ ಮಾತು ಎಲ್ಲೂ ಬರಬಾರದು, ಓದಲಾಗದಿದ್ದುದು ಯಂತ್ರಕ್ಕೆ.

ನಾಳೆಯ ಟಿಕೆಟ್ ತೋರಿಸಿದರೆ

ಧ್ವನಿ: ಈ ಟಿಕೆಟ್ ನಾಳೆಯದು. ದಿನಾಂಕ ಒಮ್ಮೆ ನೋಡಿಕೊಳ್ಳಿ.

ನಿಲ್ದಾಣದ ಮೈಕಿನಲ್ಲಿ ಪ್ರಕಟಣೆ ಬರುತ್ತಿರುವಾಗ ಕಿಯೋಸ್ಕ್ ಮಾತಾಡುವುದಿಲ್ಲ, ಪರದೆ ಮಾತ್ರ ಉತ್ತರಿಸುತ್ತದೆ. ಎರಡು ದನಿ ಒಟ್ಟಿಗೆ ಬಂದರೆ ಎರಡೂ ಹಾಳು. ಕಣ್ಣು ಕಾಣದವರು ಕೆಳಗಿನ ಉಬ್ಬು ಗುಂಡಿ ಒತ್ತಿದರೆ, ಪ್ರಕಟಣೆ ಮುಗಿದ ತಕ್ಷಣ ಉತ್ತರ ಮೊದಲಿನಿಂದ ಕೇಳಿಸಬೇಕು. ಬಾಣ, ಎಚ್ಚರಿಕೆಗಳಿಗೆ ಕೆಂಪು ಹಸಿರಿನ ವ್ಯತ್ಯಾಸವನ್ನಷ್ಟೇ ನೆಚ್ಚಬೇಡಿ. ಆ ಎರಡು ಬಣ್ಣ ಬೇರೆಯಾಗಿ ಕಾಣದವರು ಗಂಡಸರಲ್ಲಿ ಸಾಕಷ್ಟಿದ್ದಾರೆ, ಹಾಗಾಗಿ ಅಕ್ಷರವೂ ಇರಲಿ.

ಉತ್ತರ ಕೊಟ್ಟು ಹತ್ತು ಸೆಕೆಂಡಾದ ಮೇಲೆ, ಇಲ್ಲವೇ ಎದುರಿಗಿದ್ದವರು ಸರಿದ ಕೂಡಲೇ, ಪರದೆ ಅಳಿಸಿ ಮೊದಲ ಸಾಲಿಗೆ ಬರಬೇಕು.