ಇನ್ನೂರು ದಾಟಿದ ಕರೆಂಟ್ ಬಿಲ್: ಕಡ್ಡಿ ಗೊಂಬೆ ಅನಿಮೇಷನ್ ಸ್ಕ್ರಿಪ್ಟ್

(ಬಿಳಿ ಪರದೆ. ಹಾಸನದ ಒಂದು ಮನೆ, ಹೊರಗೆ ಆಷಾಢದ ಜಡಿಮಳೆ. ಸೆರಗು ಹೊದ್ದ ಕಡ್ಡಿ ಗೊಂಬೆ ಅಮ್ಮ, ಕನ್ನಡಕದ ಕಡ್ಡಿ ಗೊಂಬೆ ಮಗ. ಅಮ್ಮನ ಕೈಯಲ್ಲಿ 2025ರ ಜುಲೈ ಬಿಲ್.)

ಅಮ್ಮ: ಸಾವಿರದ ಏಳುನೂರರ ಮೇಲೆ ಬಂದಿದೆಯಲ್ಲೋ! ಗೃಹಜ್ಯೋತಿ ಇತ್ತಲ್ವಾ?

ಮಗ: ಇದೆಯಮ್ಮಾ. ಮೊದಲು ಮೀಟರ್ ನೋಡೋಣ.

(ಮೀಟರ್ ಪರದೆ ತುಂಬುತ್ತದೆ. ಈ ತಿಂಗಳು 4362, ಹೋದ ತಿಂಗಳು 4142. ದೊಡ್ಡ ಸಂಖ್ಯೆಯಿಂದ ಚಿಕ್ಕದು ಕಳೆದು, 220 ಕೆಳಗೆ ಬೀಳುತ್ತದೆ.)

ಮಗ: ಇಷ್ಟೇ ಯೂನಿಟ್. ಸಾವಿರ ವ್ಯಾಟ್ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್.

ಅಮ್ಮ: ಎಲ್ಲಾ ಎಲ್‌ಇಡಿ ಬಲ್ಬೇ ಹಾಕಿಸಿದ್ದೀನಿ ಕಣೋ.

ಮಗ: ಒಂಬತ್ತು ವ್ಯಾಟ್ ಬಲ್ಬು ಒಂದು ಯೂನಿಟ್ ಮುಗಿಸೋಕೆ ನೂರು ಗಂಟೆಗಿಂತ ಜಾಸ್ತಿ ಬೇಕು. ಗೀಸರ್‌ಗೆ ಅರ್ಧ ಗಂಟೆ ಸಾಕು, ಅದು ಎರಡು ಸಾವಿರ ವ್ಯಾಟ್.

(ಬಾತ್‌ರೂಮಿನ ಗೀಸರ್. ಕೆಂಪು ದೀಪ ಉರಿಯುತ್ತಲೇ ಇದೆ. ಪಕ್ಕದಲ್ಲಿ ಲೆಕ್ಕ: ದಿನಕ್ಕೆ ಒಂದು ಗಂಟೆ ಕಾದರೆ 2 ಯೂನಿಟ್, ತಿಂಗಳಿಗೆ 60.)

ಅಮ್ಮ: ಈ ಮಳೇಲಿ ತಣ್ಣೀರು ಮುಟ್ಟೋಕಾಗತ್ತಾ?

ಮಗ: ಬೇಡಮ್ಮಾ. ಬಿಲ್ ಹೇಗಾಯ್ತು ನೋಡು.

(ಒಂದೊಂದೇ ಸಾಲು ಬರುತ್ತದೆ. ಅವಸರ ಬೇಡ, ಜನ ಓದಿಕೊಳ್ಳಲಿ.)

220 ಯೂನಿಟ್, ತಲಾ 5.80 ರೂಪಾಯಿ: 1,276.
ನಿಗದಿತ ಶುಲ್ಕ, ಕಿಲೋವ್ಯಾಟ್‌ಗೆ 145, ನಮ್ಮ ಲೋಡ್ ಎರಡು: 290.
ಪಿಂಚಣಿ, ಗ್ರಾಚ್ಯುಟಿ ಸರ್‌ಚಾರ್ಜ್, ಯೂನಿಟ್‌ಗೆ 36 ಪೈಸೆ: 79.20.
ತೆರಿಗೆ, 1,276ಕ್ಕೆ ಶೇಕಡಾ 9: 114.84.
ಒಟ್ಟು 1,760.04.

ಮಗ: ನಿಗದಿತ ಶುಲ್ಕ ಲೋಡ್ ಮೇಲೆ ಬರೋದು. ಮನೆಗೆ ಬೀಗ ಹಾಕಿದ್ದರೂ ಲೆಕ್ಕಕ್ಕೆ ಸೇರುತ್ತೆ. ಇಂಧನ ಹೊಂದಾಣಿಕೆ ಅಂತ ಇನ್ನೊಂದು ಸಾಲು ಇರುತ್ತೆ, ಅದು ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ, ಈ ಲೆಕ್ಕಕ್ಕೆ ಸೇರಿಸಿಲ್ಲ. ದರ ಗೊತ್ತುಮಾಡೋದು ಕೆಇಆರ್‌ಸಿ, ಅಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ನಮ್ಮ ಹಾಸನದಲ್ಲಿ ಬಿಲ್ ಕೊಡೋದು ಸೆಸ್ಕ್, ಚಿಕ್ಕಮಗಳೂರಿನ ಚಿಕ್ಕಮ್ಮನ ಮನೆಗೆ ಮೆಸ್ಕಾಂ.

ಅಮ್ಮ: ಸರಿ, ಫ್ರೀ ಎಲ್ಲಿ ಹೋಯ್ತು?

(ಪರದೆಯ ಮೇಲೆ ಎರಡು ಗೆರೆ: 187, 200.)

ಮಗ: ನಮ್ಮ ಹಳೇ ಸರಾಸರಿ 170 ಯೂನಿಟ್. ಅದಕ್ಕೆ ಶೇಕಡಾ ಹತ್ತು ಸೇರಿಸಿ 187. ಅಷ್ಟರೊಳಗೆ ಇದ್ದರೆ ಸೊನ್ನೆ ಬಿಲ್. 187 ದಾಟಿ 200ರೊಳಗೆ ನಿಂತರೆ ಜಾಸ್ತಿಯಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕು. ನಾವು ದಾಟಿದ್ದು ಬರೀ ಇಪ್ಪತ್ತು.

(ಅಮ್ಮ ಬೆರಳು ಮಡಿಚಿ ಲೆಕ್ಕ ಹಾಕುತ್ತಾರೆ.)

ಅಮ್ಮ: ಗೀಸರ್ ಅರ್ಧ ಗಂಟೆ ಹಾಕಿದರೆ ಮೂವತ್ತು ಉಳೀತು. ನೂರ ತೊಂಬತ್ತು. ಅಂದರೆ ಮೂರು ಯೂನಿಟ್‌ಗೆ ಕಟ್ಟಬೇಕು ಅಷ್ಟೇ ಅಲ್ವಾ?

ಮಗ: ಅಷ್ಟೇ.

ಅಮ್ಮ: ಹಾಗಾದರೆ ನಿಮ್ಮಪ್ಪ ಸ್ನಾನ ಮುಗಿಸಿ ಬಂದಾಗಲೇ ಸ್ವಿಚ್ ಆರಿಸೋಕೆ ಹೇಳು.