ಶಿವನಸಮುದ್ರದ ವಿದ್ಯುತ್: ಮಂಗಳವಾರದ ಕ್ಲಾಸಿನ ಮೇಲೆ ಏಳು ಪ್ರಶ್ನೆ

ರೆಕಾರ್ಡಿಂಗ್ ಕೇಳಿ ನಾವು ಮೂವರು ಟೈಪ್ ಮಾಡಿದ ಹದಿನಾಲ್ಕು ಪುಟದಿಂದಲೇ ಇವನ್ನು ಎತ್ತಿದ್ದೇನೆ. ಪುಟ ಮುಚ್ಚಿಟ್ಟು ಬರೆಯಿರಿ. ಉತ್ತರ ಕೆಳಗಿದೆ, ಮೊದಲೇ ಇಣುಕಬೇಡಿ. ಕಂಸದಲ್ಲಿರುವುದು ರೆಕಾರ್ಡಿಂಗಿನ ನಿಮಿಷ.

1. ಶಿವನಸಮುದ್ರದ ಕರೆಂಟ್ ಮೊದಲು ಹೋಗಿದ್ದು ಎಲ್ಲಿಗೆ? ಯಾವ ವರ್ಷ? (4)

2. ತಂತಿ ಎಷ್ಟು ದೂರ ಎಳೆದರು? ಮೈಲಿಯಲ್ಲಿ ಹೇಳಿದರೂ ಸರಿ. (7)

3. ಕೇಂದ್ರ ಶುರುವಾದಾಗ ದಿವಾನರು ಯಾರು?
ಅ) ಶೇಷಾದ್ರಿ ಅಯ್ಯರ್ ಆ) ಪಿ. ಎನ್. ಕೃಷ್ಣಮೂರ್ತಿ ಇ) ವಿಶ್ವೇಶ್ವರಯ್ಯ (11)

4. ಆಗ ರಾಜ್ಯಭಾರ ಯಾರ ಕೈಯಲ್ಲಿತ್ತು? (13)

5. ಸರಿಯೋ ತಪ್ಪೋ: ಕೋಲಾರಕ್ಕಿಂತ ಮೊದಲೇ ಬೆಂಗಳೂರಿನ ಬೀದಿದೀಪ ಹತ್ತಿತ್ತು. (19)

6. ಕೇಂದ್ರ ಇರುವುದು ಗಗನಚುಕ್ಕಿ ಕಡೆಯೋ, ಭರಚುಕ್ಕಿ ಕಡೆಯೋ? (22)

7. ಕನ್ನಂಬಾಡಿ ಕಟ್ಟೆಗೂ ಕೋಲಾರದ ಚಿನ್ನದ ಗಣಿಗೂ ಏನು ಸಂಬಂಧ? ಎರಡು ಮೂರು ಸಾಲು ಬರೆಯಿರಿ. (31)

ಉತ್ತರಗಳು

1. ಕೋಲಾರದ ಚಿನ್ನದ ಗಣಿಗೆ, 1902ರ ಜೂನ್‌ನಲ್ಲಿ. ನಮ್ಮ ಪುಟದಲ್ಲಿ '1920' ಅಂತ ಬಿದ್ದಿದೆ, ನನ್ನದೇ ಟೈಪಿಂಗ್ ತಪ್ಪು. ತಿದ್ದಿಕೊಳ್ಳಿ.

2. 92 ಮೈಲಿ. 150 ಕಿ.ಮೀ.ಗೆ ಸ್ವಲ್ಪ ಕಡಿಮೆ.

3. ಆ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಯೋಜನೆ ಹಿಡಿದು ನಡೆಸಿದ್ದು ಶೇಷಾದ್ರಿ ಅಯ್ಯರ್, ಹಾಗಾಗಿ ಕೈ ತಾನಾಗೇ 'ಅ' ಕಡೆ ಹೋಗುತ್ತೆ. ಅವರು 1901ರಲ್ಲೇ ಹುದ್ದೆ ಬಿಟ್ಟರು, ಅದೇ ವರ್ಷ ತೀರಿಕೊಂಡರು. ದೀಪ ಹತ್ತಿದ್ದನ್ನು ನೋಡಲೇ ಇಲ್ಲ. ಮೇಷ್ಟ್ರು ಇದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಾಗಿದ್ದರು, ನೆನಪಿದೆಯಾ? ರೆಕಾರ್ಡಿಂಗ್‌ನಲ್ಲಿ ಫ್ಯಾನ್ ಸದ್ದು ಮಾತ್ರ ಕೇಳುತ್ತೆ.

4. ರಾಜಮಾತೆ ವಾಣಿವಿಲಾಸ ಸನ್ನಿಧಾನದವರ ಕೈಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅಧಿಕಾರ ವಹಿಸಿಕೊಂಡಿದ್ದು 1902ರ ಆಗಸ್ಟ್‌ನಲ್ಲಿ. 'ನಾಲ್ವಡಿ' ಅಂತ ಬರೆದಿದ್ದರೆ ಅರ್ಧ ಅಂಕವೂ ಇಲ್ಲ, ಜೂನ್ ಮೊದಲು ಬರುತ್ತೆ ಅಲ್ವಾ!

5. ತಪ್ಪು. ಬೆಂಗಳೂರಿಗೆ ದೀಪ ಬಂದಿದ್ದು 1905ರ ಆಗಸ್ಟ್‌ನಲ್ಲಿ. ಗಣಿಗೆ ಬಂದು ಮೂರು ವರ್ಷವಾದ ಮೇಲೆ.

6. ಗಗನಚುಕ್ಕಿ.

7. ಬೇಸಿಗೆಯಲ್ಲಿ ಕಾವೇರಿ ಹರಿವು ಇಳಿದರೆ ಶಿವನಸಮುದ್ರದಲ್ಲಿ ಕರೆಂಟೂ ಇಳಿಯುತ್ತಿತ್ತು. ಗಣಿಗಾದರೋ ವರ್ಷವಿಡೀ ಒಂದೇ ಸಮ ಬೇಕು. ಮಳೆಗಾಲದ ನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡೋಕೆ ಮೇಲ್ಗಡೆ ಒಂದು ಕಟ್ಟೆ ಬೇಕಾಯಿತು. ಕನ್ನಂಬಾಡಿ ಕೆಲಸ 1911ರಲ್ಲಿ ಶುರುವಾಯಿತು. 'ನೀರಾವರಿಗಾಗಿ' ಅಂತಷ್ಟೇ ಬರೆದಿದ್ದರೆ ಒಂದು ಅಂಕ. ಗಣಿಯ ಮಾತು, ಬೇಸಿಗೆಯ ಮಾತು ಎರಡೂ ಬಂದಿದ್ದರೆ ಮೂರು.

ಏಳನೆಯದಕ್ಕೆ ಮೂರು, ಮಿಕ್ಕವಕ್ಕೆ ಒಂದೊಂದು, ಒಟ್ಟು ಒಂಬತ್ತು. ಆರಕ್ಕಿಂತ ಕಡಿಮೆ ಬಂದವರು 11ನೇ ನಿಮಿಷದಿಂದ ಮತ್ತೆ ಕೇಳಿ. ಗುರುವಾರ ಸಂಜೆ ಇದನ್ನೇ ಕೇಳುತ್ತೇನೆ, ಆದರೆ ಇದೇ ಸಾಲಿನಲ್ಲಿ ಅಲ್ಲ.