ಶನಿವಾರದ ಪಂಪು-ಪೈಪಿನ ಸಭೆಗೆ ಬರುವುದಿಲ್ಲ; ಸುರಂಗಗಳ ಪಟ್ಟಿ ಕಳಿಸುತ್ತೇನೆ

12 ಫೆಬ್ರವರಿ 2025
ಬಾಯಾರು

ಈಶ್ವರಣ್ಣನಿಗೆ ನಮಸ್ಕಾರ.

15ನೇ ತಾರೀಕು ಶನಿವಾರ ಬೆಳಗ್ಗೆ ಹತ್ತೂವರೆಗೆ ಅಂಗನವಾಡಿಯಲ್ಲಿ ಇಟ್ಟುಕೊಂಡಿರುವ ಕುಡಿನೀರು ಸಮಿತಿಯ ಸಭೆಯ ಆಮಂತ್ರಣ ಸಿಕ್ಕಿತು. ಜೊತೆಗೆ ಕಾರ್ಯಸೂಚಿಯನ್ನೂ ಕಳಿಸಿದ್ದು ಒಳ್ಳೆಯದಾಯಿತು, ಅದನ್ನು ಓದಿಯೇ ಈ ಕಾಗದ ಬರೆಯುತ್ತಿದ್ದೇನೆ. ಈ ಸಭೆಗೆ ನಾನು ಬರುವುದಿಲ್ಲ. ಆದರೆ ಸಮಿತಿಗೆ ನನ್ನಿಂದ ಆಗಬಹುದಾದ ಬೇರೊಂದು ಕೆಲಸವಿದೆ, ಅದನ್ನು ಮಾಡಿಕೊಡುತ್ತೇನೆ.

ನೀವು ಬರೆದ ನಾಲ್ಕು ವಿಷಯಗಳಲ್ಲಿ ಮೊದಲನೆಯದು ಪಂಪಿನ ಕೊಟೇಶನ್, ಎರಡನೆಯದು ಪೈಪು ಹೋಗುವ ದಾರಿ ಮತ್ತು ಕರೆಂಟು ಕನೆಕ್ಷನ್, ಮೂರನೆಯದು ಕಳೆದ ವರ್ಷದ ಲೆಕ್ಕಪತ್ರ, ನಾಲ್ಕನೆಯದು ಮನೆಯೊಂದಕ್ಕೆ ಎಷ್ಟು ಪಾಲುಹಣ ಎನ್ನುವುದು. ನಮ್ಮ ಮನೆಗೆ ಸುರಂಗದ ನೀರು ಬರುವುದರಿಂದ ನಾವು ಫಲಾನುಭವಿಗಳ ಪಟ್ಟಿಯಲ್ಲಿ ಇಲ್ಲ. ಹಣ ಕೊಡದವಳು ಇನ್ನೊಬ್ಬರ ಪಾಲುಹಣದ ಬಗ್ಗೆ ಮಾತಾಡುವುದು ಸರಿಯಲ್ಲ. ಪಂಪಿನ ಎಚ್‌ಪಿ, ಪೈಪಿನ ದಪ್ಪ ಇವುಗಳ ಬಗ್ಗೆ ಅಭಿಪ್ರಾಯ ಹೇಳುವಷ್ಟು ತಿಳಿವಳಿಕೆಯೂ ನನಗಿಲ್ಲ. ಇನ್ನೂ ಒಂದು ಕಾರಣ ಉಂಟು. ಮಿನಿಟ್ಸ್ ಪುಸ್ತಕದಲ್ಲಿ ಹಾಜರಿಯ ಸಹಿ ಬಿದ್ದರೆ, ಅಂದಿನ ತೀರ್ಮಾನಗಳಿಗೆಲ್ಲ ನನ್ನ ಒಪ್ಪಿಗೆಯೂ ಇತ್ತು ಎಂದು ಮುಂದೆ ಓದುವವರು ತಿಳಿಯುತ್ತಾರೆ. ಗೊತ್ತಿಲ್ಲದ ವಿಷಯಕ್ಕೆ ಹಾಗೆ ಸಹಿ ಹಾಕಲು ನನಗೆ ಮನಸ್ಸಿಲ್ಲ. ನಾನು ಸದಸ್ಯೆ ಅಲ್ಲವಾದ್ದರಿಂದ ಕೋರಂಗೂ ತೊಂದರೆಯಾಗದು.

ಕರೆಂಟಿನ ವಿಷಯಕ್ಕೆ ನಮ್ಮ ಮೇಲಿನ ಮನೆಯವರನ್ನು ಕರೆಯಿರಿ. ಕೆಎಸ್‌ಇಬಿಯಲ್ಲಿ ಲೈನ್‌ಮ್ಯಾನ್ ಆಗಿದ್ದು ನಿವೃತ್ತರಾದವರು, ಕಂಬ ಎಲ್ಲಿಂದ ಎಲ್ಲಿಗೆ ಬರಬೇಕೆಂದು ಅವರಷ್ಟು ಚೆನ್ನಾಗಿ ಹೇಳುವವರು ವಾರ್ಡಿನಲ್ಲಿಲ್ಲ. ನಿನ್ನೆ ಅವರೊಡನೆ ಮಾತಾಡಿದೆ. ನೀವು ಒಂದು ಫೋನ್ ಮಾಡಿದರೆ ಬರುತ್ತಾರೆ.

ಇನ್ನು ನನ್ನ ಕೆಲಸ. ಆಮಂತ್ರಣದ ಕೊನೆಯ ಸಾಲಿನಲ್ಲಿ, ಮಳೆಗಾಲಕ್ಕೆ ಮೊದಲು ತೊಳಿಲುರಪ್ಪಿನವರಿಂದ ಗುಡ್ಡೆಯಲ್ಲಿ ಇಂಗುಗುಂಡಿ ತೋಡಿಸುವ, ಕಲ್ಲು ಗಟ್ಟಿ ಇದ್ದಲ್ಲಿ ಜೆಸಿಬಿ ತರಿಸುವ ಯೋಚನೆ ಇದೆಯೆಂದು ಬರೆದಿದ್ದೀರಿ. ಶನಿವಾರ ಅದರ ಚರ್ಚೆ ಇಲ್ಲ. ಆದರೂ ನನ್ನ ಮನಸ್ಸು ನಿಂತದ್ದು ಆ ಸಾಲಿನಲ್ಲಿ.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಆದರೂ ಏಪ್ರಿಲ್ ಬಂತೆಂದರೆ ಕೊಡ ಹಿಡಿದು ನಿಲ್ಲುತ್ತೇವೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಮುರಕಲ್ಲಿನ ಗುಡ್ಡೆ ಕುಡಿದಷ್ಟು ನೀರು ಮಾತ್ರ ಒಳಗೆ ಇಳಿದು, ಅಡಿಯ ಜೇಡಿಯ ಪದರಕ್ಕೆ ತಾಗಿ, ಅದರ ಮೇಲಿನಿಂದ ನಿಧಾನಕ್ಕೆ ಜಾರುತ್ತದೆ. ಆ ನೀರನ್ನು ಹುಡುಕಿಕೊಂಡು ಹಿರಿಯರು ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಸುರಂಗ ಕೊರೆದರು. ಒಬ್ಬ ಮನುಷ್ಯ ಪಿಕಾಸಿ ಬೀಸುವಷ್ಟೇ ಅಗಲ, ನಿಂತು ನಡೆಯುವಷ್ಟು ಎತ್ತರ, ನೀರು ತಾನಾಗಿ ಬಾಯಿಗೆ ಹರಿದು ಬರುವಂತೆ ಒಳಗಿನ ಕಡೆಗೆ ಸ್ವಲ್ಪ ಏರು. ಪಂಪು ಬೇಡ, ಕರೆಂಟು ಬೇಡ. ಬಾಯಾರು, ಎಣ್ಮಕಜೆ ಕಡೆಯ ಎಷ್ಟೋ ತೋಟಗಳು ಇವತ್ತಿಗೂ ಹಸಿರಾಗಿರುವುದು ಈ ನೀರಿನಿಂದಲೇ.

ಇಂಗುಗುಂಡಿ ಒಳ್ಳೆಯದೇ. ಸುರಂಗದ ಮೇಲ್ಗಡೆಯ ಇಳಿಜಾರಿನಲ್ಲಿ ನೀರು ಇಂಗಿದಷ್ಟೂ ಸುರಂಗದ ಊಟೆ ಬೇಸಗೆಯಲ್ಲಿ ಮುಂದುವರಿಯುತ್ತದೆ. ಆದರೆ ಸುರಂಗದ ನೆತ್ತಿಯ ಮೇಲೆಯೇ ಜೆಸಿಬಿ ನಿಂತು ಅಗೆದರೆ, ಕಲ್ಲು ಮೆದುವಾಗಿರುವಲ್ಲಿ ಮಾಡು ಕುಸಿಯಬಹುದು. ಒಳಗೆ ಕುಸಿದ ಮಣ್ಣು ನೀರಿನ ದಾರಿಯನ್ನೇ ಮುಚ್ಚಿಬಿಡುತ್ತದೆ, ಅದನ್ನು ತೆಗೆಯುವ ಕೈಗಳು ಈಗ ಬಹಳ ಕಡಿಮೆ. ಗುಡ್ಡೆಯ ಮೇಲೆ ನಿಂತ ಓವರ್‌ಸಿಯರ್‌ಗೆ ಅಡಿಯಲ್ಲಿ ಸುರಂಗ ಯಾವ ಕಡೆಗೆ ತಿರುಗಿದೆ ಎಂದು ಕಾಣುವುದಿಲ್ಲ. ಅದು ಗೊತ್ತಿರುವುದು ಮನೆಯವರಿಗೆ, ಕೊರೆದವರಿಗೆ, ಮತ್ತು ಅವರನ್ನೆಲ್ಲ ಕೇಳಿ ಬರೆದಿಟ್ಟ ನನಗೆ.

ಆದ್ದರಿಂದ ಶುಕ್ರವಾರ ಸಂಜೆಯೊಳಗೆ ನಮ್ಮ ವಾರ್ಡಿನ ಸುರಂಗಗಳ ಪಟ್ಟಿಯನ್ನು ನಿಮಗೆ ಕಳಿಸುತ್ತೇನೆ. ಯಾರ ಜಾಗ, ಬಾಯಿ ಎಲ್ಲಿ, ಒಳಗೆ ಯಾವ ದಿಕ್ಕಿಗೆ ಹೋಗಿದೆ, ಕವಲು ಉಂಟೋ, ಗಾಳಿಕಿಂಡಿ ಉಂಟೋ, ಬೇಸಗೆಯಲ್ಲೂ ನೀರು ಬರುತ್ತದೋ ಇಲ್ಲವೋ ಎಲ್ಲವೂ ಅದರಲ್ಲಿ ಇರುತ್ತದೆ. ಹಳಬರು ಉದ್ದವನ್ನು ಕೋಲಿನಲ್ಲಿ ಹೇಳಿದ್ದಾರೆ, ನಾನು ಅದನ್ನು ಮೀಟರಿಗೆ ಬದಲಾಯಿಸಿ ಬರೆಯುತ್ತೇನೆ, ಓವರ್‌ಸಿಯರ್‌ಗೆ ಸುಲಭವಾಗಲಿ. ಜೊತೆಗೆ ಕೈಯಲ್ಲಿ ಬರೆದ ಒಂದು ನಕ್ಷೆ. ಅದು ಅಳತೆಗೆ ತಕ್ಕ ನಕ್ಷೆಯಲ್ಲ, ಜಾಗ ಗುರುತಿಸಲು ಸಾಕು.

23ನೇ ತಾರೀಕು ಆದಿತ್ಯವಾರ ಬೆಳಗ್ಗೆ ಏಳಕ್ಕೆ, ಬಿಸಿಲು ಏರುವ ಮೊದಲು, ಓವರ್‌ಸಿಯರ್ ಮತ್ತು ಮೇಟ್ ಬರುವುದಾದರೆ ಗುಡ್ಡೆಯಲ್ಲಿ ಒಟ್ಟಿಗೆ ನಡೆಯೋಣ. ಸುರಂಗ ಹೋದ ದಾರಿಯನ್ನು ಮೇಲಿನಿಂದ ಸುಣ್ಣದಲ್ಲಿ ಗೆರೆ ಎಳೆದು ತೋರಿಸುತ್ತೇನೆ. ಆ ಗೆರೆ ಬಿಟ್ಟು ಗುಂಡಿ ಗುರುತು ಮಾಡಲಿ. ಯಾರೂ ಸುರಂಗದ ಒಳಗೆ ಹೋಗುವುದು ಬೇಡ. ಬಹಳ ಕಾಲ ಮುಚ್ಚಿದ್ದ ಸುರಂಗದಲ್ಲಿ ಗಾಳಿ ಕೆಟ್ಟಿರಬಹುದು.

ಏಪ್ರಿಲ್-ಮೇ ತಿಂಗಳಲ್ಲಿ ಪ್ರತಿ ಸುರಂಗದ ನೀರು ಅಳೆದುಕೊಡುವುದನ್ನೂ ವಹಿಸಿಕೊಳ್ಳುತ್ತೇನೆ. ಅಳೆಯುವುದಕ್ಕೆ ಬಾಲ್ದಿ ಮತ್ತು ಗಡಿಯಾರ ಸಾಕು. ಹತ್ತು ಲೀಟರಿನ ಬಾಲ್ದಿ ತುಂಬಲು ಐವತ್ತು ಸೆಕೆಂಡು ಹಿಡಿದರೆ ನಿಮಿಷಕ್ಕೆ 12 ಲೀಟರ್, ದಿನಕ್ಕೆ 17,280 ಲೀಟರ್ ಆಯಿತು. ಈ ಲೆಕ್ಕ ಕೈಯಲ್ಲಿದ್ದರೆ ಮುಂದಿನ ವರ್ಷ ಕೆಲವು ಮನೆಗಳಿಗೆ ಪೈಪಿನ ನೀರು ನಿಜಕ್ಕೂ ಬೇಕೋ, ಇರುವ ಸುರಂಗದ ಹೂಳು ತೆಗೆದರೆ ಸಾಕೋ ಎಂದು ಸಮಿತಿಯೇ ಹೇಳಬಹುದು. ಕುಟುಂಬಶ್ರೀಯ ಇಬ್ಬರು ನನ್ನ ಜೊತೆ ಬರಲು ಒಪ್ಪಿದ್ದಾರೆ.

ನಿಮ್ಮಲ್ಲಿ ನನ್ನ ಒಂದೇ ಕೋರಿಕೆ. ಶನಿವಾರ ಕೊನೆಗೆ ಎರಡು ನಿಮಿಷ ತೆಗೆದುಕೊಂಡು ಈ ವಾಕ್ಯವನ್ನು ಓದಿ, ಸದಸ್ಯರು ಒಪ್ಪಿದರೆ ಮಿನಿಟ್ಸ್‌ನಲ್ಲಿ ಬರೆಸಿ: "ಇಂಗುಗುಂಡಿಗಳ ಜಾಗ ಗುರುತಿಸುವ ಮೊದಲು ವಾರ್ಡಿನ ಸುರಂಗಗಳ ಪಟ್ಟಿಯನ್ನು ನೋಡತಕ್ಕದ್ದು." ಒಪ್ಪದಿದ್ದರೆ ಕಾರಣ ಏನೆಂದು ನನಗೆ ತಿಳಿಸಿ. ಪಟ್ಟಿಯಂತೂ ಹೇಗಿದ್ದರೂ ನಿಮ್ಮ ಕೈ ಸೇರುತ್ತದೆ. ಮುಂದೆ ಇಂಗುಗುಂಡಿಯ ವಿಷಯವೇ ಕಾರ್ಯಸೂಚಿಗೆ ಬಂದ ದಿನ ಕರೆಯಿರಿ. ಅಡಿಕೆ ಸುಲಿಯುವವರು ಅಂಗಳದಲ್ಲಿ ಇದ್ದರೂ ಬಿಟ್ಟು ಬರುತ್ತೇನೆ.

ಇನ್ನೊಂದು ಸಣ್ಣ ವಿಷಯ. ಪಾಲುಹಣದ ನೋಟಿಸು ಕಳೆದ ಸಲ ಮಲಯಾಳದಲ್ಲಿ ಮಾತ್ರ ಬಂದಿತ್ತು, ಮೇಲಿನ ಕಾಲನಿಯ ಹಿರಿಯರು ಅದನ್ನು ಓದಿಸಲು ಮಕ್ಕಳನ್ನು ಹುಡುಕಿಕೊಂಡು ಹೋದರು. ಈ ಸಲದ ನೋಟಿಸಿನ ಕರಡು ಕಳಿಸಿದರೆ ಮರುದಿನವೇ ಕನ್ನಡದಲ್ಲಿ ಬರೆದುಕೊಡುತ್ತೇನೆ. ಎರಡೂ ಭಾಷೆ ಒಂದೇ ಹಾಳೆಯಲ್ಲಿ ಬರಲಿ.

ಆದಿತ್ಯವಾರದ ನಡಿಗೆಗೆ ಓವರ್‌ಸಿಯರ್ ಬರುತ್ತಾರೋ ಇಲ್ಲವೋ ಎಂದು 20ನೇ ತಾರೀಕಿನೊಳಗೆ ಹೇಳಿ. ಸಂಜೆ ಏಳರ ನಂತರ ಫೋನ್ ಮಾಡಿದರೆ ಸಿಗುತ್ತೇನೆ. ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ.

ಇಂತು,
ಸರಸ್ವತಿ